ಹೆಸರುಕಾಳಿನ ಮೊಳಕೆ ಲೋಳೆಯಾಗುವುದೇಕೆ?

ನಮ್ಮದು ಮಾಲೂರು ತಾಲೂಕಿನ ಶಿವಾರಪಟ್ಟಣ. ಕಲ್ಲು ಕೆತ್ತುವವರ ಊರು ಅಂತ ಹೊರಗಿನವರಿಗೆ ಗೊತ್ತು. ನಾವು ಕೆತ್ತುವವರಲ್ಲ, ಹೊಲದವರು. ಒಂದೂವರೆ ಎಕರೆ ರಾಗಿ, ಮುಕ್ಕಾಲು ಎಕರೆ ಹಿಪ್ಪುನೇರಳೆ, ಒಂದು ಹುಳದ ಮನೆ, ಎರಡು ಹಸು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ ಜೊತೆಗೆ ಒಂದಿಷ್ಟು ಹೆಸರೂ ಹಾಕುತ್ತೇವೆ. ಮಾರುವಷ್ಟು ಬರುವುದಿಲ್ಲ. ಮಳೆ ಹದವಾಗಿ ಬಂದ ವರ್ಷ ಹತ್ತು ಹನ್ನೆರಡು ಕಿಲೊ ಸಿಕ್ಕಿದರೆ ದೊಡ್ಡದು. ಅದು ಮನೆಯ ವರ್ಷದ ಕಾಳು.

ಆ ಕಾಳಿನಲ್ಲಿ ಅರ್ಧವನ್ನು ನಾನು ಒಂದೇ ರಾತ್ರಿಯಲ್ಲಿ ಕೊಳೆಸಿದೆ. ಈ ಲೇಖನ ಬರೆಯಲು ಅದೇ ಕಾರಣ.

ನಾದಿನಿಯ ಸೀಮಂತ ಇತ್ತು, ಮಾರ್ಚ್ ಕೊನೆಯ ಒಂದು ಭಾನುವಾರ. ಮುದ್ದೆಗೆ ಮೊಳಕೆಕಾಳು ಸಾರು ಮಾಡೋಣ ಅಂತ ಮಾತಾಯಿತು. ಶುಕ್ರವಾರ ರಾತ್ರಿ ಐದು ಕಿಲೊ ಹೆಸರುಕಾಳನ್ನು ದೊಡ್ಡ ಸ್ಟೀಲ್ ದಬರಿಯಲ್ಲಿ ನೆನೆಹಾಕಿದೆ. ಶನಿವಾರ ಬೆಳಿಗ್ಗೆ ಬಸಿಯಬೇಕಿತ್ತು. ಹುಳಕ್ಕೆ ಸೊಪ್ಪು ತರುವುದು, ನೆಂಟರನ್ನು ನೋಡುವುದು ಅಂತ ಮಧ್ಯಾಹ್ನ ಒಂದು ಗಂಟೆಯವರೆಗೂ ಮರೆತೆ. ನೆನಪಾದ ಮೇಲೆ ನೀರು ಬಗ್ಗಿಸಿ, ಒಂದು ಸಲ ತೊಳೆದು, ಅದೇ ದಬರಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ತಟ್ಟೆ, ಕಾವು ಬರಲಿ ಅಂತ ತಟ್ಟೆಯ ಮೇಲೆ ಗೋಣಿಚೀಲ. ಚಿಕ್ಕಂದಿನಿಂದ ನೋಡಿದ ಕ್ರಮವೇ ಅದು, ಮೊಳಕೆಗೆ ಕಾವು ಬೇಕು, ಮುಚ್ಚಿಡಬೇಕು.

ಭಾನುವಾರ ಬೆಳಗಿನ ಜಾವ ಐದಕ್ಕೆ ತೆಗೆದು ನೋಡಿದರೆ ಮೇಲಿನ ಪದರ ಚೆನ್ನಾಗೇ ಮೊಳೆತಿತ್ತು. ಕೈ ಒಳಗೆ ಹಾಕಿದೆ. ಬಿಸಿ. ಬೆರಳಿಗೆ ಲೋಳೆ ಹತ್ತಿತು, ಎಳೆದರೆ ನೂಲು ಬರುವಂಥ ಲೋಳೆ. ಹುಳಿ ವಾಸನೆ. ದಬರಿ ಓರೆ ಮಾಡಿದರೆ ತಳದಲ್ಲಿ ಎರಡು ಬೆರಳು ಕಲಗಚ್ಚಿನಂಥ ನೀರು ನಿಂತಿತ್ತು.

ನಮ್ಮತ್ತೆ ಬಂದು ನೋಡಿದರು. “ತೊಳ್ದು ಬೇಯ್ಸಿದ್ರೆ ಆಯ್ತದೆ ಬಿಡಮ್ಮ. ಐದು ಕಿಲೊ ಕಾಳು ಯಾರಾದ್ರೂ ಎಸೀತಾರಾ?” ಅಂದರು.

“ಬಸುರಿ ಹೆಂಗ್ಸಿಗೆ ಇಕ್ಕೋ ಊಟ ಅತ್ತೆ, ಬ್ಯಾಡ” ಅಂದೆ. ಅವರಿಗೆ ಕೋಪ ಬಂತು. ನನಗೂ ಅಳು ಬಂದಿತ್ತು. ಆ ದಿನ ತೊಗರಿಬೇಳೆ ಸಾರಾಯಿತು, ಹೆಸರುಕಾಳು ಗೊಬ್ಬರದ ಗುಂಡಿಗೆ ಹೋಯಿತು. ಹಸುವಿಗೂ ಹಾಕಲಿಲ್ಲ.

ಎಸೆದದ್ದು ಸರಿಯೇ ಅಂತ ಆಮೇಲೆ ತಿಳಿಯಿತು. ಬೇಯಿಸಿದರೆ ಕ್ರಿಮಿಗಳು ಸಾಯುತ್ತವೆ ನಿಜ. ಆದರೆ ಕೆಲವು ಕ್ರಿಮಿಗಳು ಬೆಳೆಯುವಾಗ ಬಿಟ್ಟಿರುವ ವಿಷ ಕುದಿಸಿದರೂ ಹೋಗುವುದಿಲ್ಲ. ಲೋಳೆಯಾಗಿ ಹುಳಿ ವಾಸನೆ ಹಿಡಿದ ಕಾಳನ್ನು ತೊಳೆದು ಉಳಿಸಿಕೊಳ್ಳಲು ದಾರಿಯಿಲ್ಲ.

ನಮ್ಮೆಜಮಾನರು ಆವತ್ತು ಸಂಜೆ ಒಂದು ಮಾತು ಹೇಳಿದರು. “ನಾಲ್ಕನೇ ಜ್ವರ ಎದ್ದ ಹುಳಾನ ಹಿಂಗೆ ಗುಡ್ಡೆ ಹಾಕಿ, ಗೋಣಿ ಹೊದ್ಸಿ ಮಡಗಿದ್ರೆ ನಿಂಗೆ ಗೂಡು ಸಿಗ್ತಿತ್ತಾ?” ತಮಾಷೆಗೆ ಅಂದದ್ದು. ನನಗೆ ಅಲ್ಲೇ ವಿಷಯ ಹೊಳೆಯಿತು. ಹುಳವಾದರೂ ಅಷ್ಟೇ, ಮೊಳೆಯುವ ಕಾಳಾದರೂ ಅಷ್ಟೇ, ಉಸಿರಾಡುವ ಜೀವ. ಉಸಿರಾಡುವಾಗ ಗಾಳಿ ಬೇಕು, ಶಾಖ ಹೊರಗೆ ಬರುತ್ತದೆ. ಹುಳದ ಮನೆಯಲ್ಲಿ ಇದನ್ನೆಲ್ಲ ಲೆಕ್ಕ ಹಾಕಿ ಕಿಟಕಿ ತೆಗೆಯುವ ನಾನು ಅಡುಗೆಮನೆಯಲ್ಲಿ ಮರೆತಿದ್ದೆ.

ಲೋಳೆ ಎಂದರೆ ಏನು

ಕಾಳು ನೆನೆದಾಗ ಅದರೊಳಗಿನ ಸಕ್ಕರೆ, ಹಿಟ್ಟಿನಂಶ ಸ್ವಲ್ಪ ಸ್ವಲ್ಪ ನೀರಿಗೆ ಇಳಿಯುತ್ತದೆ. ನೆನೆಸಿದ ನೀರು ಮಬ್ಬಾಗಿ ನೊರೆ ಕಟ್ಟುವುದು ಅದರಿಂದಲೇ. ಸಿಪ್ಪೆ ಬಿರಿದ ಕಾಳು, ಒಡೆದ ಕಾಳು, ಹುಳು ಕೊರೆದ ಕಾಳು, ಜೀವ ಸತ್ತ ಹಳೆ ಕಾಳು, ಇವುಗಳಿಂದ ಇಳಿಯುವುದು ಹೆಚ್ಚು. ಎಷ್ಟೇ ಶುದ್ಧ ಕಾಳಾದರೂ ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ಕ್ರಿಮಿ ಇದ್ದೇ ಇರುತ್ತವೆ. ಹೊಲದ ಮಣ್ಣು, ಕಣದ ಧೂಳು ಎಲ್ಲಿಗೆ ಹೋದೀತು? ಕಾಳಿನ ಸಂದಿಯಲ್ಲಿ ನೀರು ನಿಂತರೆ ಆ ಇಳಿದ ಸಕ್ಕರೆ ಅವುಗಳಿಗೆ ಊಟ. ಗಾಳಿ ಇಲ್ಲದೆ ಬಿಸಿಯೂ ಕೂಡಿದರೆ ಹಬ್ಬದ ಊಟ. ಅವು ಬೆಳೆದು ತಮ್ಮ ಸುತ್ತ ಕಟ್ಟಿಕೊಳ್ಳುವ ಅಂಟೇ ನಮ್ಮ ಕೈಗೆ ಹತ್ತುವ ಲೋಳೆ.

ಹಾಗಾದರೆ ತೊಳೆಯುವುದು ಯಾತಕ್ಕೆ ಅನ್ನುವುದು ಸ್ಪಷ್ಟವಾಯಿತಲ್ಲ. ಕಾಳಿಗೆ ನೀರು ಕುಡಿಸುವುದಕ್ಕೆ ಮಾತ್ರ ಅಲ್ಲ. ಇಳಿದ ಸಕ್ಕರೆಯನ್ನು ಹೊರಗೆ ಒಯ್ಯಬೇಕು, ಕೂಡಿದ ಶಾಖವನ್ನು ಒಯ್ಯಬೇಕು. ತೊಳೆದ ನೀರು ಪೂರ್ತಿ ಬಸಿಯದಿದ್ದರೆ ತೊಳೆದು ಪ್ರಯೋಜನವಿಲ್ಲ, ತೊಳೆಯದಿದ್ದರೇ ವಾಸಿ ಅನ್ನುವಷ್ಟು ಕೆಡುತ್ತದೆ. ನನ್ನ ಅನುಭವದಲ್ಲಿ ಹೆಚ್ಚಿನ ಮನೆಗಳಲ್ಲಿ ತೊಳೆಯುವುದು ಸರಿಯಾಗೇ ಇದೆ, ತಪ್ಪುವುದು ಬಸಿಯುವುದರಲ್ಲಿ.

ಮೂರು ಪಾತ್ರೆಯಲ್ಲಿ ಇಟ್ಟು ನೋಡಿದ್ದು

ಸೀಮಂತ ಕಳೆದ ಹದಿನೈದು ದಿನಕ್ಕೆ ಉಳಿದ ಕಾಳಿನಲ್ಲಿ ಒಂದೂವರೆ ಕಿಲೊ ತೆಗೆದು ಪರೀಕ್ಷೆ ಮಾಡಿದೆ. ಅತ್ತೆಗೆ ಹೇಳಿರಲಿಲ್ಲ. ಎಂಟು ಗಂಟೆ ನೆನೆಸಿ, ನಾಲ್ಕು ನೀರಿನಲ್ಲಿ ತೊಳೆದು ಮೂರು ಪಾಲು ಮಾಡಿದೆ. ಒಂದು ಪಾಲು ಮುಚ್ಚಳದ ಸ್ಟೀಲ್ ಪಾತ್ರೆಗೆ. ಇನ್ನೊಂದನ್ನು ಹಳೆ ಪಂಚೆಯ ತುಂಡಿನಲ್ಲಿ ಬಿಗಿಯಾಗಿ ಗಂಟು ಕಟ್ಟಿಟ್ಟೆ. ಮೂರನೆಯದನ್ನು ಬಿದಿರಿನ ಪುಟ್ಟಿಯಲ್ಲಿ ಹಿಂಡಿದ ಬಟ್ಟೆ ಹಾಸಿ, ಎರಡು ಬೆರಳು ದಪ್ಪಕ್ಕೆ ಹರಡಿ, ಮೇಲೆ ತೆಳು ಬಟ್ಟೆ ಹೊದಿಸಿದೆ. ಪುಟ್ಟಿಯನ್ನು ನೆಲಕ್ಕೆ ಇಡದೆ ಎರಡು ಇಟ್ಟಿಗೆಯ ಮೇಲೆ ಕೂರಿಸಿದೆ. ಮೂರೂ ಒಂದೇ ಕೋಣೆಯಲ್ಲಿ. ಮೂರಕ್ಕೂ ರಾತ್ರಿ ಒಂದು ಸಲ, ಬೆಳಿಗ್ಗೆ ಒಂದು ಸಲ ನೀರು ತೋರಿಸಿದೆ.

ಮಾರನೆಯ ಸಂಜೆ ನೋಡಿದಾಗ ಕೋಣೆಯ ಶಾಖ 29 ಡಿಗ್ರಿ ಇತ್ತು. ಕಡ್ಡಿ ಚುಚ್ಚುವ ಡಿಜಿಟಲ್ ಥರ್ಮಾಮೀಟರನ್ನು ಕಾಳಿನ ನಡುವೆ ಇಟ್ಟರೆ ಪುಟ್ಟಿಯಲ್ಲಿ 30, ಸ್ಟೀಲ್ ಪಾತ್ರೆಯಲ್ಲಿ 33, ಗಂಟಿನ ನಡುವೆ 34. (ಹುಳದ ಮನೆಯಲ್ಲಿ ತೂಗುಹಾಕಿರುವ ಪಾದರಸದ ಗಾಜಿನ ಥರ್ಮಾಮೀಟರನ್ನು ಇದಕ್ಕೆ ಬಳಸಬಾರದು. ಒಡೆದರೆ ತಿನ್ನುವ ಕಾಳಿಗೆ ಪಾದರಸ ಬೀಳುತ್ತದೆ.) ಬರೀ ಅರ್ಧ ಕಿಲೊ ಕಾಳು ಇಷ್ಟು ಬಿಸಿಯಾದರೆ ನನ್ನ ದಬರಿಯ ಐದು ಕಿಲೊ ಎಷ್ಟಾಗಿತ್ತೋ!

ಗಂಟಿನ ಕಥೆ ಕೇಳಲು ಸ್ವಾರಸ್ಯವಾಗಿದೆ. ಹೊರಗಿನ ಕಾಳಿಗೆ ಉದ್ದ ಮೊಳಕೆ, ನಡುವಿನದಕ್ಕೆ ಗಿಡ್ಡ ಮೊಳಕೆ, ತೀರಾ ಒಳಗಿನ ಒಂದು ಹಿಡಿ ಅಂಟಂಟು. ಸ್ಟೀಲ್ ಪಾತ್ರೆಯಲ್ಲಿ ಮೇಲೆ ಚೆನ್ನ, ತಳದಲ್ಲಿ ನೀರು, ನೀರಿನಲ್ಲಿದ್ದ ಕಾಳು ಮೊಳೆಯದೆ ಹುಳಿಯಾಗಿತ್ತು. ಪುಟ್ಟಿಯದು ಒಂದೇ ಸಮನೆ ಅರ್ಧ ಇಂಚು ಮೊಳಕೆ, ಬಾಯಿಗೆ ಹಾಕಿದರೆ ಹಸಿ ಅವರೆಯಂಥ ಸಿಹಿ.

ನಮ್ಮಜ್ಜಿ ಕಾಲದಿಂದ ಗಂಟು ಕಟ್ಟಿಯೇ ಮೊಳಕೆ ಬರಿಸಿದ್ದಾರೆ, ಆಗ ಕೆಡಲಿಲ್ಲವಾ ಅಂತ ನೀವು ಕೇಳಬಹುದು. ಕೆಡುತ್ತಿರಲಿಲ್ಲ. ಅವರು ಕಟ್ಟುತ್ತಿದ್ದುದು ಒಂದು ಪಾವು, ಎರಡು ಪಾವು. ಅಷ್ಟು ಚಿಕ್ಕ ಗಂಟಿನ ನಡುವಿನಿಂದ ಹೊರಕ್ಕೆ ಎರಡೇ ಬೆರಳು ದೂರ. ಶಾಖ ಹೊರಗೆ ಬರುತ್ತದೆ, ಗಾಳಿ ಒಳಗೆ ಹೋಗುತ್ತದೆ. ಮೇಲಾಗಿ ಗಂಟನ್ನು ಗೂಟಕ್ಕೆ ತೂಗುಹಾಕುತ್ತಿದ್ದರು, ನೀರೆಲ್ಲ ಸೋರಿಹೋಗುತ್ತಿತ್ತು. ಅದೇ ಕ್ರಮವನ್ನು ಐದು ಕಿಲೊಗೆ ಹಾಕಿದ್ದು ನನ್ನ ತಪ್ಪು. ಕಾಳು ಹೆಚ್ಚಾದರೆ ಗಂಟು ದೊಡ್ಡದು ಮಾಡಬಾರದು, ಪುಟ್ಟಿಗಳ ಸಂಖ್ಯೆ ಹೆಚ್ಚು ಮಾಡಬೇಕು.

ಕಾಳು ಆರಿಸುವಾಗ

ಮೊಳಕೆಗೆ ಬಿತ್ತನೆ ಬೀಜದ ಪಾಕೀಟನ್ನು ಎಂದೂ ಬಳಸಬೇಡಿ. ಅದಕ್ಕೆ ಔಷಧಿ ಲೇಪನ ಇರುತ್ತದೆ. ಬಣ್ಣ ಕಂಡರೂ ಕಾಣದಿದ್ದರೂ ಅದು ತಿನ್ನುವುದಕ್ಕಲ್ಲ, ತೊಳೆದರೂ ಅಲ್ಲ. ಮನೆಯ ಕಾಳು, ಇಲ್ಲವೇ ಅಂಗಡಿಯಲ್ಲಿ ಅಡುಗೆಗೆ ಮಾರುವ ಕಾಳು ಸಾಕು.

ಕಾಳು ಮೊಳೆಯುವ ಶಕ್ತಿ ಉಳಿಸಿಕೊಂಡಿದೆಯೋ ಇಲ್ಲವೋ ಅಂತ ಮೊದಲು ನೋಡಿಕೊಳ್ಳುವುದು ಒಳ್ಳೆಯದು. ನೂರು ಕಾಳು ಎಣಿಸಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎರಡು ದಿನಕ್ಕೆ ತೊಂಬತ್ತರ ಮೇಲೆ ಮೊಳೆತರೆ ಧೈರ್ಯವಾಗಿ ಮಾಡಬಹುದು. ಎಂಬತ್ತಕ್ಕೂ ಕಡಿಮೆ ಬಂದ ಕಾಳನ್ನು ನಾನು ಮೊಳಕೆಗೆ ಇಡುವುದಿಲ್ಲ, ಹಾಗೇ ಬೇಯಿಸಿ ಉಸ್ಲಿ ಮಾಡಿಬಿಡುತ್ತೇನೆ. ಮೊಳೆಯದ ಇಪ್ಪತ್ತು ಕಾಳು ಸುಮ್ಮನೆ ಕೂರುವುದಿಲ್ಲ ನೋಡಿ, ಕೊಳೆತು ಪಕ್ಕದ ಎಂಬತ್ತನ್ನೂ ಕೆಡಿಸುತ್ತವೆ.

ಹುಳು ಹಿಡಿಯದಿರಲಿ ಅಂತ ಹರಳೆಣ್ಣೆ ಸವರಿ ಇಟ್ಟ ಕಾಳಾದರೆ ನೆನೆಹಾಕುವ ಮುಂಚೆ ಉಗುರುಬೆಚ್ಚಗಿನ ನೀರಿನಲ್ಲಿ ಕೈಯಿಂದ ಉಜ್ಜಿ ಎರಡು ಸಲ ತೊಳೆಯಬೇಕು. ಎಣ್ಣೆ ಉಳಿದರೆ ಕಾಳು ಸಮನಾಗಿ ನೀರು ಕುಡಿಯುವುದಿಲ್ಲ. ನೀರಿನ ಮೇಲೆ ತೇಲುವ ಕಾಳು, ಹೊಟ್ಟು ಎಲ್ಲ ಆಗಲೇ ಬಗ್ಗಿಸಿಬಿಡಿ. ನೆನೆದ ಮೇಲೂ ಉಬ್ಬದೆ ಕಲ್ಲಿನಂತೆ ಉಳಿದ ಕೆಲವು ಕಾಳು ಸಿಗುತ್ತವೆ. ಅವು ಸತ್ತ ಕಾಳಲ್ಲ, ಸಿಪ್ಪೆ ಗಟ್ಟಿಯಾಗಿ ನೀರು ಒಳಗೆ ಬಿಡದ ಕಾಳು. ಲೋಳೆ ಮಾಡುವುದಿಲ್ಲ, ಆದರೆ ಹಲ್ಲಿಗೆ ಸಿಕ್ಕಿದರೆ ಹಲ್ಲೇ ಹೋದೀತು. ಆರಿಸಿ ತೆಗೆಯಿರಿ.

ನೆನೆಸುವುದು, ತೊಳೆಯುವುದು, ಬಸಿಯುವುದು

ಒಂದು ಪಾಲು ಕಾಳಿಗೆ ಮೂರು ಪಾಲಿಗೆ ಕಡಿಮೆಯಿಲ್ಲದಂತೆ ನೀರು ಹಾಕಿ. ಬೇಸಿಗೆಯಲ್ಲಿ ಆರೇಳು ಗಂಟೆ, ಬೇರೆ ಕಾಲದಲ್ಲಿ ಎಂಟು ಗಂಟೆ, ಚಳಿಗಾಲದಲ್ಲಿ ಹತ್ತು ಗಂಟೆ. ಕಾಳು ಉಬ್ಬಿ, ಉಗುರಿನಿಂದ ಒತ್ತಿದರೆ ಎರಡು ಬೇಳೆಯಾಗಿ ಬಿರಿದರೆ ಸಾಕು. ಅದಕ್ಕಿಂತ ಹೆಚ್ಚು ನೆನೆದರೆ ಒಳ್ಳೆಯದು ಅನ್ನುವುದು ತಪ್ಪು ಲೆಕ್ಕ. ನೀರಿನೊಳಗೆ ಮುಳುಗಿದ ಕಾಳಿಗೆ ಗಾಳಿ ಸಾಲದು. ನಾನು ಹದಿನಾರು ಗಂಟೆ ಮುಳುಗಿಸಿಟ್ಟಾಗ ಮೊಳೆಯುವ ಮುಂಚೆಯೇ ಎಷ್ಟೋ ಕಾಳು ಉಸಿರುಕಟ್ಟಿ ಹೋಗಿದ್ದವು. ನೀರಿನ ಮೇಲೆ ಗುಳ್ಳೆ ಏಳುತ್ತಿದ್ದರೆ ಹೊತ್ತು ಮೀರಿದೆ ಎಂದೇ ಅರ್ಥ.

ನೆನೆಸಿದ ನೀರನ್ನು ಚೆಲ್ಲಿ. ಹೊಸ ನೀರು ಹಾಕಿ, ಕೈಯಾಡಿಸಿ, ಬಗ್ಗಿಸಿ. ಹೀಗೆ ಮೂರು ನಾಲ್ಕು ಸಲ. ಎಷ್ಟು ಸಲ ಅಂತ ಎಣಿಸುವುದಕ್ಕಿಂತ ನೊರೆ ನೋಡಿ. ನೊರೆ ನಿಂತು, ನೀರಿನ ತಳದಲ್ಲಿ ಕಾಳು ಸ್ಪಷ್ಟವಾಗಿ ಕಂಡರೆ ಮುಗಿಯಿತು.

ನೀರು ಕುಡಿಯುವಂಥದೇ ಆಗಿರಬೇಕು. ನಮ್ಮ ಕಡೆ ಕೊಳವೆಬಾವಿ ನೀರು ಗಡಸು, ಪಾತ್ರೆಗೆ ಬಿಳಿ ಕಟ್ಟುತ್ತದೆ. ಗಡಸುತನದಿಂದ ಮೊಳಕೆಗೆ ತೊಂದರೆಯಿಲ್ಲ. ಕೆರೆ ನೀರು ಮಾತ್ರ ಬೇಡವೇ ಬೇಡ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಬರುತ್ತಿದೆ. ಅದು ಅಂತರ್ಜಲ ತುಂಬಲಿ ಅಂತ ಬಿಟ್ಟಿರುವುದು, ಕಾಳು ತೊಳೆಯಲಿ ಅಂತಲ್ಲ. ಕೆರೆಯಂಗಳಕ್ಕೆ ಬಟ್ಟೆ ಒಗೆಯಲು ಹೋದಾಗ ಜೊತೆಗೆ ಕಾಳನ್ನೂ ತೊಳೆದು ತರುವ ಹಳೆ ರೂಢಿ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ.

ಇನ್ನು ಬಸಿಯುವುದು. ತೂತಿನ ಜರಡಿ ಅಥವಾ ಪುಟ್ಟಿಗೆ ಸುರಿದು, ಅದನ್ನು ಒಂದು ಕಡೆ ಓರೆ ಮಾಡಿ ಹತ್ತು ಹದಿನೈದು ನಿಮಿಷ ಬಿಡಿ. ಸಮತಟ್ಟಾಗಿ ಇಟ್ಟರೆ ತಳದಲ್ಲಿ ನೀರಿನ ಪೊರೆ ಹಿಡಿದುಕೊಂಡು ಕೂರುತ್ತದೆ, ಓರೆ ಮಾಡಿದರೆ ಒಂದು ಮೂಲೆಗೆ ಬಂದು ತೊಟ್ಟಿಕ್ಕುತ್ತದೆ. ತೊಟ್ಟು ನಿಂತ ಮೇಲೂ ಒಂದು ಸಲ ಪುಟ್ಟಿಯನ್ನು ಕೊಡವಿ ನೋಡಿ. ನಾಲ್ಕು ಹನಿ ಬಿದ್ದರೆ ಇನ್ನೂ ಐದು ನಿಮಿಷ. ಆಮೇಲೆ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹಿಡಿದು ಬಿಡಿ. ಅಂಗೈ ತೇವ ಆಗಬೇಕು, ನೀರು ಇಳಿಯಬಾರದು. ಹುಳಕ್ಕೆ ಸೊಪ್ಪು ಕೊಡುವಾಗ ಮಳೆಯಲ್ಲಿ ನೆನೆದ ಎಲೆಯ ನೀರು ಆರಲಿ ಅಂತ ಕಾಯುತ್ತೇವಲ್ಲ, ಅದೇ ಹದ.

ಮೊಳಕೆ ಮೂತಿ ಹೊರಗೆ ಬಂದ ಮೇಲೆ ಕೈಯಾಡಿಸಿ ತೊಳೆಯಬಾರದು. ಎಳೆ ಮೊಳಕೆ ಮುರಿದರೆ ಮುರಿದ ಜಾಗದಿಂದ ರಸ ಸೋರುತ್ತದೆ, ಅಲ್ಲಿಂದಲೇ ಲೋಳೆ ಶುರು. ಪುಟ್ಟಿಯನ್ನು ಹಾಗೇ ಬಕೆಟಿನ ನೀರಿನಲ್ಲಿ ನಿಧಾನವಾಗಿ ಇಳಿಸಿ, ಎತ್ತಿ, ಇನ್ನೊಂದು ಬಕೆಟಿನ ಹೊಸ ನೀರಿನಲ್ಲಿ ಮತ್ತೊಮ್ಮೆ ಇಳಿಸಿ ಎತ್ತಿ. ಮತ್ತೆ ಓರೆ, ಮತ್ತೆ ಹದಿನೈದು ನಿಮಿಷ. ಚಳಿಗಾಲದಲ್ಲಿ ಹನ್ನೆರಡು ಗಂಟೆಗೊಮ್ಮೆ ಸಾಕು. ಬೇಸಿಗೆಯಲ್ಲಿ ಎಂಟು ಗಂಟೆಗೊಮ್ಮೆ ಬೇಕೇಬೇಕು. ರಾತ್ರಿ ಮಲಗುವಾಗ ಒಂದು, ಎದ್ದ ಕೂಡಲೇ ಒಂದು, ಮಧ್ಯಾಹ್ನ ಒಂದು ಅಂತ ಇಟ್ಟುಕೊಂಡರೆ ನೆನಪಿರುತ್ತದೆ.

ಕಾವು ಮತ್ತು ಗಾಳಿ

ಹೆಸರುಕಾಳಿಗೆ 25ರಿಂದ 30 ಡಿಗ್ರಿ ಹಿತ. ನಮ್ಮ ಸೀಮೆಯಲ್ಲಿ ವರ್ಷದ ಹೆಚ್ಚು ತಿಂಗಳು ಮನೆಯೊಳಗೆ ಈ ಕಾವು ತಾನೇ ಇರುತ್ತದೆ. ನಾವು ಕೂಡಿಸಬೇಕಾಗಿಲ್ಲ. ಮಾರ್ಚಿಯಿಂದ ಮೇವರೆಗೆ ಕಳೆಯಬೇಕು. ಆಗ ಪುಟ್ಟಿಯನ್ನು ಹೆಂಚಿನ ಅಥವಾ ಶೀಟಿನ ಕೆಳಗೆ ಇಡದೆ, ಒಲೆಯಿಂದ ದೂರ, ನೆರಳಿನ ಕಿಟಕಿಯ ಹತ್ತಿರ ಇಡಿ. ಕಾಳಿನ ದಪ್ಪ ಎರಡು ಬೆರಳು ಮೀರದಿರಲಿ.

ಡಿಸೆಂಬರ್, ಜನವರಿಯಲ್ಲಿ ಮಾತ್ರ ಕಾವಿನ ಕೊರತೆ. ಒಂದು ವರ್ಷ ಚಳಿಗಾಲದಲ್ಲಿ ನಾನು ಕಲ್ಲಿನ ಬಾನಿಯಲ್ಲಿ ಬಟ್ಟೆ ಹಾಸಿ ಕಾಳಿಟ್ಟಿದ್ದೆ. ನಮ್ಮೂರಲ್ಲಿ ಕಲ್ಲಿನ ಬಾನಿಗೆ ಬರವೇ? ಎರಡು ದಿನವಾದರೂ ಮೊಳಕೆ ಇಲ್ಲ. ಕಲ್ಲು ರಾತ್ರಿಯ ತಣ್ಪನ್ನು ಹಿಡಿದಿಟ್ಟುಕೊಂಡು ಹಗಲೂ ಬಿಡುತ್ತಿರಲಿಲ್ಲ. ಮೂರನೇ ದಿನ ಮೊಳಕೆಗೆ ಮುಂಚೆ ಮುಗ್ಗಲು ವಾಸನೆ ಬಂತು. ತಣ್ಣಗಿದ್ದರೆ ಕೆಡುವುದಿಲ್ಲ ಅಂತ ತಿಳಿಯಬೇಡಿ. ಮೊಳಕೆ ತಡವಾದಷ್ಟೂ ಒದ್ದೆಯಲ್ಲಿ ಕೂರುವ ದಿನ ಹೆಚ್ಚು. ಚಳಿಯಲ್ಲಿ ನೆನೆಸುವ ನೀರನ್ನು ಉಗುರುಬೆಚ್ಚಗೆ ಮಾಡಿ, ಬೆರಳು ಅದ್ದಿದರೆ ಹಾಯಾಗಿರಬೇಕು, ಸುಡಬಾರದು. ರಾತ್ರಿ ಪುಟ್ಟಿಯನ್ನು ಅಡುಗೆಮನೆಯಲ್ಲಿ ಆರಿದ ಒಲೆಯಿಂದ ಒಂದು ಮಾರು ದೂರದಲ್ಲಿಡಿ. ಮೇಲೆ ಗೋಣಿಚೀಲ ಹಾಕಬಹುದು, ಪುಟ್ಟಿಯ ತಳ ಮಾತ್ರ ತೆರೆದಿರಲಿ. ಹುಳದ ಮನೆ ಬೆಚ್ಚಗಿದೆ ಅಂತ ಅಲ್ಲಿ ಮೊಳಕೆ ಇಡಬೇಡಿ. ಅಲ್ಲಿ ಬ್ಲೀಚಿಂಗ್ ಪುಡಿ, ಸುಣ್ಣ, ಸೋಂಕು ತೊಳೆಯುವ ಔಷಧಿ ಎಲ್ಲ ಬಳಸಿರುತ್ತೇವೆ. ಹುಳಕ್ಕೆ ಬಳಸಿದ ತಟ್ಟೆಯೂ ಬೇಡ.

ಗಾಳಿ ಎಂದರೆ ಬೀಸುಗಾಳಿಯಲ್ಲ. ಫ್ಯಾನಿನ ಕೆಳಗಿಟ್ಟರೆ ಮೇಲಿನ ಕಾಳು ಒಣಗಿ ಮೊಳಕೆ ಕೆಂಪಾಗುತ್ತದೆ. ಕಾಳಿನ ಮೇಲೂ ಕೆಳಗೂ ಗಾಳಿ ತಾನೇ ಆಡುವಂತಿರಬೇಕು, ಅದಕ್ಕೇ ಬಿದಿರಿನ ಪುಟ್ಟಿ ಮತ್ತು ಎರಡು ಇಟ್ಟಿಗೆ. ಹೊದಿಸುವ ಬಟ್ಟೆ ತೆಳು ಹತ್ತಿಯದು, ಹಿಂಡಿದ್ದು. ನೀರು ಸುರಿಯುವ ದಪ್ಪ ಟವೆಲು ಹೊದಿಸಿದರೆ ಪ್ಲಾಸ್ಟಿಕ್ ಮುಚ್ಚಿದ ಹಾಗೆಯೇ. ನಮ್ಮ ಬೀದಿಯಲ್ಲಿ ಹಗಲೆಲ್ಲ ಕಲ್ಲಿನ ಧೂಳು ಹಾರುವುದರಿಂದ ಬಟ್ಟೆ ಇಲ್ಲದೆ ಇಡುವಂತಿಲ್ಲ. ನಾನು ಪುಟ್ಟಿಯನ್ನು ಹಿತ್ತಲ ಕಡೆಯ ಕಿಟಕಿಗೆ ಇಡುತ್ತೇನೆ, ನೊಣಕ್ಕೆ ಊಜಿ ಬಲೆಯ ಹೊಸ ತುಂಡೊಂದನ್ನು ಮೇಲೆ ಹರವುತ್ತೇನೆ.

ಬಟ್ಟೆ ಮತ್ತು ಪುಟ್ಟಿಯ ಬಗ್ಗೆ ಸೋಮಾರಿತನ ಬೇಡ. ಹಿಂದಿನ ಸಲದ ಲೋಳೆ ಬಿದಿರಿನ ಹೆಣಿಗೆಯಲ್ಲಿ ಕೂತಿದ್ದರೆ ಈ ಸಲದ ಕಾಳಿಗೆ ಹೆಪ್ಪು ಹಾಕಿದಂತೆ. ಪ್ರತಿ ಸಲವೂ ಬಟ್ಟೆಯನ್ನು ಕುದಿಸಿ, ಪುಟ್ಟಿಯನ್ನು ಉಜ್ಜಿ ತೊಳೆದು, ಕುದಿನೀರು ಸುರಿದು ಬಿಸಿಲಿಗೆ ಗರಿಗರಿ ಒಣಗಿಸಿಡಿ.

ಕೆಡುತ್ತಿದೆಯೆಂದು ತಿಳಿಯುವುದು

ಮೂಗೇ ಮೊದಲು ಹೇಳುತ್ತದೆ. ಒಳ್ಳೆಯ ಮೊಳಕೆಗೆ ಹಸಿಕಾಳಿನ ವಾಸನೆ. ಸ್ವಲ್ಪ ಹುಳಿ, ಹೆಂಡದ ಹುಳಿಯ ಹಾಗೆ ಬಂದರೆ ಗಾಳಿ ಸಾಲದು ಅಂತ. ಪುಟ್ಟಿಯ ಮೇಲ್ಗಡೆ ಮೂಸಿದರೆ ಗೊತ್ತಾಗದು, ನಡುವಿನಿಂದ ಒಂದು ಹಿಡಿ ತೆಗೆದು ಮೂಸಿ. ಆ ಹಿಡಿಯನ್ನು ಬೆರಳ ನಡುವೆ ಉಜ್ಜಿದಾಗ ಜಾರಿದರೆ, ತೊಳೆದ ಮೇಲೂ ಜಾರಿದರೆ, ಆ ಪುಟ್ಟಿ ಗೊಬ್ಬರದ ಗುಂಡಿಗೆ. ಒಂದು ಮೂಲೆ ಮಾತ್ರ ಕೆಟ್ಟಿದೆ, ಅದನ್ನು ತೆಗೆದು ಉಳಿದದ್ದು ತಿನ್ನೋಣ ಅನ್ನುವ ಆಸೆ ನನಗೂ ಬರುತ್ತದೆ. ಆದರೆ ಪ್ರತಿ ಸಲ ತೊಳೆದಾಗಲೂ ಆ ಮೂಲೆಯ ನೀರು ಇಡೀ ಪುಟ್ಟಿಗೆ ಹರಡಿರುತ್ತದಲ್ಲ.

ಒಂದು ವಿಷಯಕ್ಕೆ ಮಾತ್ರ ಹೆದರಬೇಡಿ. ಮೊಳಕೆ ಉದ್ದವಾದಾಗ ಬೇರಿನ ಸುತ್ತ ಬಿಳಿ ನವಿರು ಕಾಣುತ್ತದೆ. ಬೂಷ್ಟು ಬಂತು ಅಂತ ನಮ್ಮ ಪಕ್ಕದ ಮನೆಯವರು ಒಂದು ಸಲ ಒಳ್ಳೆಯ ಮೊಳಕೆಯನ್ನೇ ಚೆಲ್ಲಿದ್ದರು. ಅದು ಬೇರಿನ ರೋಮ. ಪ್ರತಿ ಬೇರಿಗೂ ಒಂದೇ ರೀತಿ ಇರುತ್ತದೆ, ನೀರು ಚಿಮುಕಿಸಿದರೆ ಬೇರಿಗೆ ಅಂಟಿಕೊಂಡು ಮಾಯವಾಗುತ್ತದೆ. ಬೂಷ್ಟು ಹಾಗಲ್ಲ, ಜೇಡರ ಬಲೆಯಂತೆ ಕಾಳಿನಿಂದ ಕಾಳಿಗೆ ಹಬ್ಬಿರುತ್ತದೆ, ಮುಗ್ಗಲು ವಾಸನೆ ಇರುತ್ತದೆ.

ಹಸಿ ತಿನ್ನಬಹುದೇ?

ಬಸಿದ ಇಪ್ಪತ್ತನಾಲ್ಕು ಗಂಟೆಗೆ ಅರ್ಧ ಇಂಚು ಮೊಳಕೆ ಬರುತ್ತದೆ. ಸಾರಿಗೆ ಅದೇ ಹದ. ಒಂದು ಕಿಲೊ ಕಾಳು ಸುಮಾರು ಎರಡು ಕಿಲೊ ತೂಗುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಮೊಳಕೆಗೆ ಹಿತವಾದ ಬಿಸಿ ಮತ್ತು ಒದ್ದೆ ರೋಗದ ಕ್ರಿಮಿಗಳಿಗೂ ಹಿತ. ಅವು ಬೆಳೆದರೆ ಲೋಳೆಯೂ ಬರಬೇಕೆಂದಿಲ್ಲ, ವಾಸನೆಯೂ ಬರಬೇಕೆಂದಿಲ್ಲ. 2011ರಲ್ಲಿ ಜರ್ಮನಿಯಲ್ಲಿ ಹಸಿ ಮೆಂತ್ಯದ ಮೊಳಕೆ ತಿಂದು ಸಾವಿರಾರು ಜನ ಕಾಯಿಲೆ ಬಿದ್ದರು, ಐವತ್ತಕ್ಕೂ ಹೆಚ್ಚು ಜನ ಸತ್ತರು. ಕ್ರಿಮಿ ಬಂದದ್ದು ಬೀಜದ ಜೊತೆಯಲ್ಲೇ ಅಂತ ತನಿಖೆ ಹೇಳಿತು. ಸಿಪ್ಪೆಯ ಬಿರುಕಿನೊಳಗೆ ಕೂತದ್ದು ತೊಳೆದರೆ ಹೋಗುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಬಸುರಿಯರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಹಸಿ ಮೊಳಕೆ ಕೊಡುವುದಿಲ್ಲ. ಸಾರು, ಉಸ್ಲಿ, ಪಲ್ಯ ಏನೇ ಮಾಡಿದರೂ ಚೆನ್ನಾಗಿ ಬೇಯಬೇಕು.

ಉಳಿದದ್ದನ್ನು ಫ್ರಿಜ್ಜಿನಲ್ಲಿಡುವುದಾದರೆ ಕೊನೆಯ ಸಲ ತೊಳೆದ ಕೂಡಲೇ ಇಡಬೇಡಿ. ಬಟ್ಟೆಯ ಮೇಲೆ ಒಂದು ಗಂಟೆ ಹರಡಿ ಮೇಲ್ನೀರು ಆರಲಿ. ಬಿಗಿ ಮುಚ್ಚಳದ ಡಬ್ಬಿಯ ಬದಲು ಒಣ ಬಟ್ಟೆ ಹಾಸಿದ ಪಾತ್ರೆ, ಸಡಿಲ ಮುಚ್ಚಳ. ಮೂರು ದಿನ ಇರುತ್ತದೆ. ಫ್ರಿಜ್ಜು ಇಲ್ಲದ ಮನೆಯಲ್ಲಿ ಅವತ್ತಿನದು ಅವತ್ತೇ ಬೇಯಿಸಿಬಿಡುವುದು.

ಎರಡನೇ ಸಲದ ಐದು ಕಿಲೊ

ನಾದಿನಿಗೆ ಗಂಡುಮಗು ಆಯಿತು. ನಾಮಕರಣಕ್ಕೆ ಮತ್ತೆ ಮೊಳಕೆಕಾಳು ಸಾರು ಅಂತ ನಾನೇ ಹಟ ಹಿಡಿದೆ. ಮನೆ ಕಾಳು ಮುಗಿದಿತ್ತು, ಮಾಲೂರಿನಿಂದ ಐದು ಕಿಲೊ ತರಿಸಿದೆವು. ನೂರರಲ್ಲಿ ತೊಂಬತ್ಮೂರು ಮೊಳೆತದ್ದನ್ನು ಮುಂಚೆಯೇ ನೋಡಿಕೊಂಡಿದ್ದೆ.

ಊಟ ಭಾನುವಾರ ಮಧ್ಯಾಹ್ನ. ಶುಕ್ರವಾರ ರಾತ್ರಿ ಹತ್ತಕ್ಕೆ ಎರಡು ದಬರಿಯಲ್ಲಿ ನೆನೆಹಾಕಿ, ಶನಿವಾರ ಬೆಳಿಗ್ಗೆ ಆರಕ್ಕೆ ತೆಗೆದೆ. ನೊರೆ ನಿಲ್ಲಲು ನಾಲ್ಕು ನೀರು ಹಿಡಿಯಿತು. ನೆಂಟರ ಮನೆಗಳಿಂದ ಪುಟ್ಟಿ ಕೇಳಿ ತಂದು, ಕುದಿನೀರು ಸುರಿದು ಒಣಗಿಸಿ ಇಟ್ಟಿದ್ದೆ. ಒಂದೊಂದು ಕಿಲೊದಂತೆ ಐದು ಪುಟ್ಟಿ. ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ, ಬೆಳಗಿನ ಜಾವ ಐದಕ್ಕೆ ನೀರಿಗಿಳಿಸಿ ಎತ್ತಿದ್ದು. ಪ್ರತಿ ಸಲ ಐದೂ ಪುಟ್ಟಿಯನ್ನು ಜಗುಲಿಯ ಅಂಚಿಗೆ ಓರೆ ನಿಲ್ಲಿಸಿ ಬಸಿಯುವುದು. ನಮ್ಮೆಜಮಾನರು ಬಕೆಟು ಹಿಡಿದರು.

ನಾಲ್ಕು ಪುಟ್ಟಿ ಸೊಗಸಾಗಿ ಬಂದವು. ಐದನೆಯದನ್ನು ಜಾಗ ಸಾಲದೆ ಗ್ಯಾಸ್ ಒಲೆಯ ಪಕ್ಕದ ಕಟ್ಟೆಯ ಮೇಲೆ, ಇಟ್ಟಿಗೆಯಿಲ್ಲದೆ ಇಟ್ಟಿದ್ದರು ಯಾರೋ. ಶನಿವಾರವೆಲ್ಲ ಆ ಒಲೆ ಆರಿರಲಿಲ್ಲ. ಬೆಳಿಗ್ಗೆ ನಡುವಿನಿಂದ ತೆಗೆದ ಹಿಡಿಯಲ್ಲಿ ಸಣ್ಣಗೆ ಹುಳಿ ವಾಸನೆ, ತಳದ ಬಟ್ಟೆ ಅಂಟು. ಅದನ್ನು ತೆಗೆದಿಟ್ಟೆ. ನಾಲ್ಕು ಪುಟ್ಟಿಯಿಂದ ಎಂಟು ಕಿಲೊ ಮೇಲೆ ಮೊಳಕೆಕಾಳು ಸಿಕ್ಕಿತು, ಬಂದವರಿಗೆಲ್ಲ ಸಾಕಾಯಿತು.

ಐದನೇ ಪುಟ್ಟಿಯನ್ನು ಗುಂಡಿಗೆ ಒಯ್ಯುವಾಗ ನಮ್ಮತ್ತೆ ನೋಡಿದರು. ಈ ಸಲ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇಟ್ಟಿಗೆ ಎಲ್ಲಿಂದ ತಂದೆ, ಇನ್ನೆರಡು ಸಿಗುತ್ತವಾ ಅಂತ ಕೇಳಿದರು.